ಗೋಳಾಕಾರದ ಇಂಧನ, ಅದರ ಮೇಲೆ ಕ್ಲಾಡಿಂಗ್: ನಡುವಿನ ತಾಪಮಾನದಲ್ಲಿ 18 ಡಿಗ್ರಿ ಎಲ್ಲಿ ಹೋಯ್ತು?

ಅಂಕೋಲೆ ಸುಮಾ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಮೆಕ್ಯಾನಿಕಲ್ ಓದ್ತಿದ್ದೇನೆ. ಹೀಟ್ ಟ್ರಾನ್ಸ್‌ಫರ್ ಇಂಟರ್ನಲ್‌ಗೆ ಒಂದು ಲೆಕ್ಕ ಬಂದಿತ್ತು. ಪರಮಾಣು ಇಂಧನದ ಒಂದು ಪೆಲೆಟ್ ಗೋಳ ಅಂತ ಹಿಡಿಯಬೇಕು. ತ್ರಿಜ್ಯ 7 ಮಿ.ಮೀ. ಒಳಗೆಲ್ಲ ಸಮನಾಗಿ ಶಾಖ ಹುಟ್ಟುತ್ತದೆ, ಘನ ಮೀಟರಿಗೆ 300 ಮೆಗಾವ್ಯಾಟ್. ಮೇಲೆ 0.4 ಮಿ.ಮೀ. ದಪ್ಪದ ಜಿರ್ಕಲಾಯ್ ಕ್ಲಾಡಿಂಗ್. ಇಂಧನದ ಉಷ್ಣವಾಹಕತೆ 3, ಕ್ಲಾಡಿಂಗಿನದು 15 (ಎರಡೂ W/m·K). ಹೊರಗೆ 270 ಡಿಗ್ರಿಯ ನೀರು, h = 40,000 W/m²·K. ನಡುವಿನ ತಾಪಮಾನ ಎಷ್ಟು?

ನಾನು ಎರಡೂ ಪದರಕ್ಕೆ ಗೋಳದ ಸಾಮಾನ್ಯ ಪರಿಹಾರ ಬರೆದೆ:

```
T = -q r²/(6k) + C1/r + C2
```

ಕ್ಲಾಡಿಂಗಿನಲ್ಲಿ q ಸೊನ್ನೆ. r = 0 ಆದಾಗ ತಾಪಮಾನ ಅನಂತಕ್ಕೆ ಹೋಗಬಾರದಲ್ಲ, ಹಾಗಾಗಿ C1 ಸೊನ್ನೆ. ಇಂಧನದಲ್ಲಿ 816.7 ಏರಿಕೆ, ನೀರಿನ ಕಡೆ 15.7, ಒಟ್ಟು 1102 ಡಿಗ್ರಿ ಬಂತು. ಉತ್ತರ ಪಟ್ಟಿಯಲ್ಲಿ 1120 ಅಂತಿದೆ. ಮೂರು ಸಲ ಕೂಡಿ ನೋಡಿದ್ರೂ 1102. ಆ 18 ಡಿಗ್ರಿ ಎಲ್ಲಿಂದ ಬಂತು?

ಕುಮಟಾ ವಿನಾಯಕ

ಸುಲಭ. ಕ್ಲಾಡಿಂಗ್ ತೆಳ್ಳಗಿದೆ, ಅದನ್ನ ಚಪ್ಪಟೆ ಗೋಡೆ ಅಂತ ತಗೊಂಡುಬಿಡು. ಇಂಧನದ ತ್ರಿಜ್ಯ a ಅಂತಿಟ್ಟರೆ ಅದರ ಮೇಲ್ಮೈಯಲ್ಲಿ ಶಾಖದ ಹರಿವು q·a/3, ಅಂದ್ರೆ ಚದರ ಮೀಟರಿಗೆ 7 ಲಕ್ಷ ವ್ಯಾಟ್. ಅದನ್ನ 0.0004ರಿಂದ ಗುಣಿಸಿ 15ರಿಂದ ಭಾಗಿಸಿದ್ರೆ 18.7. ನಿನ್ನ 1102ಕ್ಕೆ ಕೂಡಿಸು, ಮುಗೀತು. ಈ C1, C2 ಎಲ್ಲ ಪರೀಕ್ಷೆಯಲ್ಲಿ ಟೈಮ್ ತಿನ್ನೋದಕ್ಕೆ ಮಾತ್ರ.

ಇನ್ನೊಂದು ಮಾತು. ಜಿರ್ಕಲಾಯ್ ವಾಹಕತೆ 15 ಅಂದ್ರೆ ತೀರಾ ಕಮ್ಮಿ. ಅದರ ಬದಲು ತಾಮ್ರ ಹಾಕಿದ್ರೆ ನಡುವಿನ ತಾಪಮಾನ ಎಷ್ಟೋ ಇಳೀತಿತ್ತು. ಯಾಕೆ ಹಾಕೋದಿಲ್ಲ ಅಂತ ನಂಗೆ ಇನ್ನೂ ಅರ್ಥ ಆಗಿಲ್ಲ.

ಮಲ್ಲಾಪುರದ ಮಾಮ

ತಂಗಿ ಸುಮಾ, ವಿನಾಯಕರು ಹೇಳಿದಂತೆ ಕೂಡಿಸಿದ್ರೆ ಉತ್ತರ ಪಟ್ಟಿಯ ಹತ್ತಿರ ಬರ್ತದೆ. ಆದ್ರೆ ನಿನ್ನ ಲೆಕ್ಕದಲ್ಲಿ ಆ 18 ಯಾಕೆ ಬರಲಿಲ್ಲ ಅನ್ನೋದು ಅದರಿಂದ ಗೊತ್ತಾಗೋದಿಲ್ಲ.

C1 ಸೊನ್ನೆ ಅನ್ನೋ ಮಾತು ಇಂಧನಕ್ಕೆ ಸರಿ, ಯಾಕಂದ್ರೆ r = 0 ಅನ್ನೋ ಬಿಂದು ಇಂಧನದ ಒಳಗೆ ಇದೆ. ಕ್ಲಾಡಿಂಗ್ ಶುರುವಾಗೋದೇ 7 ಮಿ.ಮೀ.ನಲ್ಲಿ, 7.4ಕ್ಕೆ ಮುಗೀತದೆ. ಅದರ ಮಟ್ಟಿಗೆ r = 0 ಅನ್ನೋ ಜಾಗವೇ ಇಲ್ಲ. ಅಲ್ಲಿ C1 ಸೊನ್ನೆ ಮಾಡಿದ್ರೆ ಉಳಿಯೋದು C2 ಒಂದೇ, ಅಂದ್ರೆ ಕ್ಲಾಡಿಂಗ್ ಪೂರ್ತಿ ಒಂದೇ ತಾಪಮಾನ. ತಾಪಮಾನದಲ್ಲಿ ಇಳಿಜಾರು ಇಲ್ಲದೆ ಶಾಖ ಹರಿಯೋದಿಲ್ಲ. ಒಳಗೆ ಹುಟ್ಟಿದ ಶಾಖ ಅಷ್ಟೂ ಕ್ಲಾಡಿಂಗ್ ದಾಟಿ ನೀರಿಗೆ ಹೋಗಲೇಬೇಕು. ನಿನ್ನ ಉತ್ತರದಲ್ಲಿ ಅದು ದಾಟೋದಕ್ಕೆ ದಾರಿಯೇ ಇಲ್ಲ. ಇಂಥ ಲೆಕ್ಕ ತಪ್ಪಿದೆಯಾ ಅಂತ ನೋಡೋದಕ್ಕೆ ಇದೇ ಪರೀಕ್ಷೆ: ಪ್ರತಿ ಪದರದಲ್ಲೂ ಹರಿಯೋ ವ್ಯಾಟ್ ಒಂದೇ ಬರ್ತದಾ?

ನಾನಾದ್ರೆ C1ರಿಂದ ಶುರು ಮಾಡ್ತಿರಲಿಲ್ಲ. ಮೊದಲು ಒಟ್ಟು ಶಾಖ. 7 ಮಿ.ಮೀ. ಗೋಳದ ಘನ ಅಳತೆಯನ್ನ 300 ಮೆಗಾವ್ಯಾಟಿಗೆ ಗುಣಿಸಿದ್ರೆ 431 ವ್ಯಾಟ್. ಕೈಲಿ ಹಿಡಿದ್ರೆ ಗೋಲಿಯಷ್ಟಿರೋ ವಸ್ತು, ಅದರಿಂದ 431 ವ್ಯಾಟ್. ಈಗ ಹೊರಗಿಂದ ಒಳಗೆ ಬಾ.

ನೀರಿಂದ ಕ್ಲಾಡಿಂಗಿನ ಹೊರ ಮೈಗೆ: 431ನ್ನ ಹೊರ ಮೈಯ ವಿಸ್ತೀರ್ಣಕ್ಕೂ h-ಗೂ ಭಾಗಿಸು, 15.7. ಇಲ್ಲಿ ತ್ರಿಜ್ಯ 7.4 ಹಿಡೀಬೇಕು, 7 ಅಲ್ಲ. ತುಂಬ ಹುಡುಗರು ಇಲ್ಲೇ ಜಾರ್ತಾರೆ. ಹೊರ ಮೈ 285.7.

ಕ್ಲಾಡಿಂಗಿನ ಒಳಗೆ, a ಅಂದ್ರೆ 7 ಮಿ.ಮೀ., b ಅಂದ್ರೆ 7.4, kc ಕ್ಲಾಡಿಂಗಿನ ವಾಹಕತೆ:

```
Q/(4π kc) × (1/a - 1/b) = 17.7
```

ಒಳ ಮೈ 303.3. ಚಪ್ಪಟೆ ಗೋಡೆ ಹಿಡಿದ್ರೆ 18.7 ಬರ್ತದೆ, ಒಂದು ಡಿಗ್ರಿ ಜಾಸ್ತಿ. ತೆಳು ಪದರಕ್ಕೆ ಅಡ್ಡಿಲ್ಲ.

ಇಂಧನದ ಒಳಗೆ `q a²/(6k)`, ಅಂದ್ರೆ 816.7. ಒಟ್ಟು 1120.

ವಿನಾಯಕರೇ, ತಾಮ್ರದ ಮಾತಿಗೆ ಈ ಲೆಕ್ಕವೇ ಉತ್ತರ. ಕ್ಲಾಡಿಂಗಿನ ಪಾಲು 850ರಲ್ಲಿ 18 ಮಾತ್ರ. ಅದನ್ನ ಪೂರ್ತಿ ಸೊನ್ನೆ ಮಾಡಿದ್ರೂ ನಡುವಿನ ತಾಪಮಾನ 1102ಕ್ಕಿಂತ ಕೆಳಗೆ ಇಳಿಯೋದಿಲ್ಲ. ಜಿರ್ಕೋನಿಯಂ ಆರಿಸಿದ್ದು ಶಾಖಕ್ಕಾಗಿ ಅಲ್ಲ, ಅದು ನ್ಯೂಟ್ರಾನ್ ನುಂಗೋದು ಬಹಳ ಕಮ್ಮಿ ಅಂತ. ಸಹಜ ಯುರೇನಿಯಂ ಇಟ್ಕೊಂಡು ನಡೆಸೋ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಲೆಕ್ಕ ಕೈಬಿಗಿ ಹಿಡಿದು ಖರ್ಚು ಮಾಡೋದು.

ಬೈತಖೋಲ್ ಬೋಟು

1120 ಡಿಗ್ರಿ ಅಂದ್ರಾ? ಕೈಗಾದ ಒಳಗೆ ಹೀಂಗೆ ಇದ್ರೆ ಆ ನೀರೆಲ್ಲ ಕುದಿಯೋದಿಲ್ವಾ? ಕಾಳಿ ನದಿಗೆ ಬಿಡೋ ನೀರು ಅದೇ ಅಲ್ವಾ? ಸಮುದ್ರ ಬಿಸಿಯಾಗಿ ಬಂಗಡೆ ಬರ್ತಾ ಇಲ್ಲ ಅಂತ ನಮ್ಮ ಬಂದರದಲ್ಲಿ ಮಾತಾಡ್ತಾರೆ.

ಮಲ್ಲಾಪುರದ ಮಾಮ

ಅಣ್ಣ, ಇದು ಪ್ರಶ್ನೆಪತ್ರಿಕೆಯ ಅಂಕಿ, ಕೈಗಾದ್ದಲ್ಲ. ಆದ್ರೂ ಕೇಳಿದ್ದಕ್ಕೆ ಹೇಳ್ತೇನೆ. ಇಂಧನಕ್ಕೆ ತಾಗೋ ನೀರು ಭಾರಜಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಾ ಇರ್ತದೆ. ಒತ್ತಡ ಸುಮಾರು 85 ಬಾರ್ ಇರೋದ್ರಿಂದ 290ರ ಆಸುಪಾಸಿನಲ್ಲೂ ನೀರಾಗೇ ಉಳೀತದೆ. ಅದು ತನ್ನ ಶಾಖವನ್ನ ಇನ್ನೊಂದು ಸುತ್ತಿನ ಮಾಮೂಲಿ ನೀರಿಗೆ ಕೊಟ್ಟು ಉಗಿ ಮಾಡ್ತದೆ. ಟರ್ಬೈನ್ ದಾಟಿದ ಆ ಉಗಿಯನ್ನ ಮತ್ತೆ ನೀರು ಮಾಡೋದಕ್ಕೆ ಮೂರನೇ ಸುತ್ತು, ಅದು ಕದ್ರಾ ಜಲಾಶಯದ ನೀರು. ಮೂರೂ ಒಂದಕ್ಕೊಂದು ಬೆರೆಯೋದಿಲ್ಲ, ನಡುವೆ ಕೊಳವೆಯ ಗೋಡೆ ಇರ್ತದೆ. ಜಲಾಶಯದ ನೀರು ಎಷ್ಟು ಬಿಸಿಯಾಗ್ತದೆ ಅನ್ನೋದು ಒಟ್ಟು ಎಷ್ಟು ಶಾಖ ಅದಕ್ಕೆ ಹೋಯ್ತು ಅನ್ನೋದರ ಮೇಲೆ. ಪೆಲೆಟಿನ ನಡುವೆ 1100 ಇದ್ರೂ 1700 ಇದ್ರೂ ಅದಕ್ಕೆ ಲೆಕ್ಕ ಇಲ್ಲ. ಬಂಗಡೆಯ ವಿಚಾರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹೆಗಡೆಕಟ್ಟೆ

ನಾನು ಶಿರಸಿ ಕಡೆ ತೋಟದವ, ಈ ರಿಯಾಕ್ಟರ್ ಗೊತ್ತಿಲ್ಲ. ಆದ್ರೆ ಈ ಒಳಗೆ ಶಾಖ ಹುಟ್ಟೋ ಕಥೆ ನಮ್ಮ ಗೊಬ್ಬರದ ರಾಶಿಯಲ್ಲಿ ದಿನಾ ನೋಡ್ತೇನೆ. ಹಸಿ ಸೊಪ್ಪು, ದರಕು, ಸಗಣಿ ಹಾಕಿ ರಾಶಿ ಮಾಡಿದ್ರೆ ಮೇಲೆ ಕೈ ಇಟ್ರೆ ತಣ್ಣಗೆ, ಕಬ್ಬಿಣದ ಸಲಾಕೆ ನಡುವಿಗೆ ಚುಚ್ಚಿ ತೆಗೆದ್ರೆ ಮುಟ್ಟಕ್ಕಾಗೋದಿಲ್ಲ. ಈ ಸಲ ರಾಶಿ ದೊಡ್ಡದು ಮಾಡಿದ್ವಿ, ನಡುವೆ ಸೊಪ್ಪು ಬೂದಿ ಬಣ್ಣಕ್ಕೆ ತಿರುಗಿ ಒಣಗಿ ಹೋಯ್ತು, ಕೊಳೀಲೇ ಇಲ್ಲ. ನೀವು ಹೇಳೋದು ಇದೇಯಾ?

ಮಲ್ಲಾಪುರದ ಮಾಮ

ಹೆಗಡೇರೆ, ಸೂತ್ರ ಅದೇ. ತ್ರಿಜ್ಯ ವರ್ಗವಾಗಿ ಬರ್ತದೆ ನೋಡಿ, `a²`. ಒಂದೇ ಹದದ ರಾಶಿ ಎರಡರಷ್ಟು ದಪ್ಪ ಮಾಡಿದ್ರೆ ನಡುವೆ ಏರೋ ತಾಪಮಾನ ನಾಲ್ಕರಷ್ಟು. ಆದ್ರೆ ರಾಶಿ ತುಂಬ ಬಿಸಿಯಾದ್ರೆ ಒಳಗಿನ ಜೀವಾಣು ಸಾಯ್ತವೆ, ಗಾಳಿ ಸಾಲೋದಿಲ್ಲ, ಶಾಖ ಹುಟ್ಟೋದೇ ಕಮ್ಮಿ ಆಗ್ತದೆ. ಯುರೇನಿಯಂಗೆ ಗಾಳಿಯ ಹಂಗಿಲ್ಲ. ಹಾಗಾಗಿ ಪೆಲೆಟ್ ಸಣ್ಣದಾಗಿರಬೇಕು ಅನ್ನೋದು ಲೆಕ್ಕದಿಂದಲೇ ಬರ್ತದೆ. ನಿಮ್ಮ ರಾಶಿಗೆ ಮಗುಚಿ ಹಾಕೋದೇ ಮದ್ದು.

ಕುಮಟಾ ವಿನಾಯಕ

ತಾಮ್ರದ ವಿಷಯ ಬಿಡೋಣ. ಆದ್ರೆ ಗೋಳದ ಮಾದರಿ ತಕರಾರಿಲ್ಲದ್ದು ಅಂತ ನಾನು ಹೇಳ್ತೇನೆ. ನಿಜವಾದ ಪೆಲೆಟ್ ಸಣ್ಣ ಸಿಲಿಂಡರ್, ಉದ್ದವೂ ವ್ಯಾಸವೂ ಹತ್ತಿರ ಹತ್ತಿರ. ಅಂಥ ಗಿಡ್ಡ ತುಂಡಿಗೆ ಗೋಳವೇ ಒಳ್ಳೆ ಹೋಲಿಕೆ. ಉದ್ದ ಸಿಲಿಂಡರ್ ಸೂತ್ರ ಹಾಕೋದು ಉದ್ದನೆಯ ತಂತಿಗೆ. ಸುಮಾ, ವೈವಾದಲ್ಲಿ ಕೇಳಿದ್ರೆ ಹೀಗೇ ಹೇಳು.

ಮಲ್ಲಾಪುರದ ಮಾಮ

ಹಾಗೆ ಹೇಳಬೇಡ ತಂಗಿ! ವಿನಾಯಕರು ಹೇಳೋ ಆಕಾರ ಸರಿ, ಅದು ಕೂತಿರೋ ಜಾಗ ನೋಡ್ಲಿಲ್ಲ.

ಪೆಲೆಟ್ ಒಂಟಿಯಾಗಿ ನೀರಲ್ಲಿ ಬಿದ್ದಿದ್ರೆ ಅವರ ಮಾತು ಒಪ್ಪಬಹುದಿತ್ತು, ಸುತ್ತ ಆರೂ ಕಡೆಯಿಂದ ಶಾಖ ಹೋಗ್ತಿತ್ತು. ಆದ್ರೆ ಅದು ಜಿರ್ಕಲಾಯ್ ಕೊಳವೆಯಲ್ಲಿ ಒಂದರ ತಲೆಗೆ ಒಂದು ತಾಗಿ ಸಾಲಾಗಿ ಕೂತಿದೆ. ಕೈಗಾದಂಥ 220 ಮೆಗಾವ್ಯಾಟ್ ರಿಯಾಕ್ಟರಿನ ಒಂದು ಬಂಡಲ್‌ನಲ್ಲಿ ಇಂಥ 19 ಕೊಳವೆ, ಬಂಡಲ್ ಉದ್ದ ಸುಮಾರು ಅರ್ಧ ಮೀಟರ್. ನಡುವಿನ ಒಂದು ಪೆಲೆಟ್ ಹಿಡಿ. ಅದರ ತಲೆಯ ಮೇಲಿನ ಪೆಲೆಟೂ ಅಷ್ಟೇ ಬಿಸಿ, ಬುಡದ್ದೂ ಅಷ್ಟೇ ಬಿಸಿ. ಒಂದೇ ತಾಪಮಾನದ ಎರಡು ಮುಖ ತಾಗಿದ್ರೆ ಶಾಖ ಯಾವ ಕಡೆಗೂ ಹೋಗೋದಿಲ್ಲ. ಎರಡು ತುದಿಯ ಬಾಗಿಲೂ ಮುಚ್ಚಿದ ಹಾಗೆ. ಉಳಿದದ್ದು ಪಕ್ಕದ ಮೈ ಮಾತ್ರ. ಹಾಗಾಗಿ ಪೆಲೆಟ್ ಎಷ್ಟೇ ಗಿಡ್ಡ ಇದ್ರೂ ಅದಕ್ಕೆ ಉದ್ದ ಸಿಲಿಂಡರ್ ಸೂತ್ರವೇ ಹೊಂದೋದು.

ಈಗ ವ್ಯತ್ಯಾಸ ನೋಡು. ಚಪ್ಪಟೆ ತಟ್ಟೆಗೆ ಛೇದದಲ್ಲಿ 2, ಸಿಲಿಂಡರಿಗೆ 4, ಗೋಳಕ್ಕೆ 6. ಶಾಖಕ್ಕೆ ಹೊರಗೆ ಹೋಗೋ ದಿಕ್ಕು ಹೆಚ್ಚಿದಷ್ಟು ನಡು ತಣ್ಣಗೆ. ನಿನ್ನ ಅಂಕಿಗಳನ್ನೇ ಸಿಲಿಂಡರಿಗೆ ಹಾಕಿದ್ರೆ ಇಂಧನದ ಒಳಗಿನ ಏರಿಕೆ 817 ಅಲ್ಲ, 1225. ಕ್ಲಾಡಿಂಗಿನಲ್ಲಿ 27, ನೀರಿನ ಕಡೆ 25. ಒಟ್ಟು 1547. ಗೋಳ ಅಂತ ಹಿಡಿದವ ನಡುವಿನ ತಾಪಮಾನವನ್ನ ನಿಜಕ್ಕಿಂತ 400 ಡಿಗ್ರಿಗೂ ಮೀರಿ ಕೆಳಗೆ ಹೇಳ್ತಾನೆ. ಅದೂ ಅಪಾಯದ ಕಡೆಗೇ ತಪ್ಪೋದು.

ಪೆಲೆಟ್ ಮಾಡೋರಿಗೆ ಇದು ಕಣ್ಣಾರೆ ಗೊತ್ತು. ಪೆಲೆಟಿನ ತುದಿ ಚಪ್ಪಟೆ ಇರೋದಿಲ್ಲ, ತಟ್ಟೆಯ ಹಾಗೆ ಸ್ವಲ್ಪ ತಗ್ಗು ಬಿಟ್ಟಿರ್ತಾರೆ. ನಡು ಹೆಚ್ಚು ಬಿಸಿಯಾಗಿ ಹೆಚ್ಚು ಹಿಗ್ಗೋದ್ರಿಂದ ಆ ತಗ್ಗು ಬೇಕು, ಇಲ್ಲದಿದ್ರೆ ನಡುವಿನ ಉಬ್ಬುಗಳೇ ಒಂದಕ್ಕೊಂದು ಒತ್ತಿ ಸಾಲು ಪೂರ್ತಿ ಉದ್ದ ಆಗ್ತದೆ. ಬಳಸಿ ತೆಗೆದ ಕೊಳವೆಯ ಮೇಲೆ ಪೆಲೆಟ್ ಪೆಲೆಟ್ ಸೇರೋ ಕಡೆ ಬಿದಿರಿನ ಗೆಣ್ಣಿನ ಥರ ಸಣ್ಣ ಉಬ್ಬು ಬರೋದೂ ಇದರಿಂದಲೇ.

ಅಂಕೋಲೆ ಸುಮಾ

ಮಾಮ, ಹಾಗಾದ್ರೆ ಗೋಳದ ಲೆಕ್ಕ ಯಾಕೆ ಕೊಡ್ತಾರೆ? ಗೋಳದ ಇಂಧನ ಎಲ್ಲೂ ಇಲ್ವಾ? ಮತ್ತೆ ಪ್ರಶ್ನೆಯಲ್ಲಿ "ಇಂಧನವೂ ಕ್ಲಾಡಿಂಗೂ ಪೂರ್ತಿ ತಾಗಿವೆ" ಅಂತ ಬೇರೆ ಬರೆದಿದ್ರು. ಅದು ಯಾಕೆ ಬೇಕಿತ್ತು?

ಶಿರಸಿ ಪೇಟೆ ಶ್ರೀ

ಮೊದಲನೇದಕ್ಕೆ ನಾನು ಹೇಳ್ತೇನೆ ಸುಮಾ. ಗೋಳದ ಇಂಧನ ಇದೆ. ಟ್ರೈಸೋ ಅಂತಾರೆ, ಅರ್ಧ ಮಿ.ಮೀ. ವ್ಯಾಸದ ಕಾಳು, ಅದರ ಮೇಲೆ ಇಂಗಾಲ ಮತ್ತು ಸಿಲಿಕಾನ್ ಕಾರ್ಬೈಡ್ ಪದರಗಳು. ಚೀನಾದ ಶಿದಾವೋ ಕೊಲ್ಲಿಯಲ್ಲಿ 2023ರಲ್ಲಿ ವಾಣಿಜ್ಯವಾಗಿ ಶುರುವಾದ ರಿಯಾಕ್ಟರಿನಲ್ಲಿ ಇಂಥದ್ದೇ ಕಾಳು. ಒಂದು ಕಾಳಿನಿಂದ 0.1 ವ್ಯಾಟ್ ಬರ್ತದೆ ಅಂತ ಇಟ್ಕೊಳ್ಳೋಣ. ವಾಹಕತೆ 3 ಇದ್ರೆ ನಡುವಿಗೂ ಮೈಗೂ ವ್ಯತ್ಯಾಸ ಬರೀ 5 ಡಿಗ್ರಿ. ಅಲ್ಲಿ ನಿನ್ನ ಸೂತ್ರ ಸರಿಯಾಗಿ ಕೂರ್ತದೆ, ಆದ್ರೆ ಹೇಳಿಕೊಳ್ಳೋಂಥ ತಾಪಮಾನವೇ ಉಳಿಯೋದಿಲ್ಲ. 7 ಮಿ.ಮೀ. ಗೋಳ ಅನ್ನೋದು ಪರೀಕ್ಷೆಯಲ್ಲಿ ಮಾತ್ರ ಹುಟ್ಟಿದ ಪ್ರಾಣಿ ಅನಿಸ್ತದೆ.

ಮಲ್ಲಾಪುರದ ಮಾಮ

ಎರಡನೇದು ನಾನು ಹೇಳ್ತೇನೆ. "ಪೂರ್ತಿ ತಾಗಿವೆ" ಅನ್ನೋ ಎರಡು ಪದಕ್ಕೆ ನೂರು ಡಿಗ್ರಿ ಬೆಲೆ.

ಪೆಲೆಟ್ ಸೆರಾಮಿಕ್, ಕ್ಲಾಡಿಂಗ್ ಲೋಹ. ಎರಡರ ನಡುವೆ ಕೂದಲೆಳೆಯಷ್ಟು ಸಂದು ಇರ್ತದೆ, ಅದರಲ್ಲಿ ಅನಿಲ. ಈ ಸಂದಿನ ವಾಹಕತೆಯನ್ನ ಚದರ ಮೀಟರಿಗೆ ಇಷ್ಟು ಅಂತ ಒಂದೇ ಅಂಕಿಯಲ್ಲಿ ಹಿಡೀತಾರೆ. 7,000 ಅಂತ ಇಟ್ಕೋ. ನಿನ್ನ ಗೋಳದ ಮೈಯಲ್ಲಿ ಹರಿವು 7 ಲಕ್ಷ, ಭಾಗಿಸಿದ್ರೆ ಸರಿಯಾಗಿ 100 ಡಿಗ್ರಿ. ನಡು 1220ಕ್ಕೆ ಹೋಯ್ತು. 0.4 ಮಿ.ಮೀ. ಲೋಹದಲ್ಲಿ 18 ಡಿಗ್ರಿ, ಕಣ್ಣಿಗೆ ಕಾಣದ ಸಂದಿನಲ್ಲಿ 100!

ಸಿಲಿಂಡರಿನಲ್ಲಿ ಮೈಯ ಹರಿವು 10 ಲಕ್ಷದ 50 ಸಾವಿರ, ಸಂದಿಗೆ 150 ಡಿಗ್ರಿ, ನಡು ಸುಮಾರು 1700.

ಇಷ್ಟೂ ಹೊಸ ಇಂಧನದ ಮಾತು. ಉರಿದಂತೆ ಜೀನಾನ್, ಕ್ರಿಪ್ಟಾನ್ ಅನಿಲಗಳು ಪೆಲೆಟಿನಿಂದ ಬಿಟ್ಟುಕೊಂಡು ಸಂದಿಗೆ ಬರ್ತವೆ. ಮೊದಲು ತುಂಬಿದ್ದ ಹೀಲಿಯಂಗೆ ಹೋಲಿಸಿದ್ರೆ ಜೀನಾನ್ ಶಾಖ ದಾಟಿಸೋದರಲ್ಲಿ ಬಹಳ ಮಂದ. ಸಂದಿನ ವಾಹಕತೆ ಇಳೀತದೆ, ಪೆಲೆಟ್ ಇನ್ನಷ್ಟು ಬಿಸಿಯಾಗ್ತದೆ, ಬಿಸಿಯಾದ ಪೆಲೆಟ್ ಇನ್ನಷ್ಟು ಅನಿಲ ಬಿಡ್ತದೆ. ಒಂದನ್ನೊಂದು ದೂಡೋ ಆಟ. ಲೆಕ್ಕದಲ್ಲಿ ಒಂದು ಸ್ಥಿರ ಸಂಖ್ಯೆ ಹಾಕಿ ಕೈತೊಳ್ಕೊಂಡ್ರೆ ಇದು ಕಾಣೋದಿಲ್ಲ.

ಕುಮಟಾ ವಿನಾಯಕ

ಇಲ್ಲಿ ನಾನು ಬಿಡೋದಿಲ್ಲ. ನಮ್ಮ ಭಾರಜಲ ರಿಯಾಕ್ಟರಿನ ಕ್ಲಾಡಿಂಗ್ ಬೇಕಂತಲೇ ತೆಳ್ಳಗೆ ಮಾಡಿರೋದು. ಹೊರಗಿನ 85 ಬಾರ್ ಒತ್ತಡಕ್ಕೆ ಅದು ಕುಸಿದು ಪೆಲೆಟಿಗೆ ಅಂಟಿಕೊಳ್ತದೆ. ಒಳ ಮೈಗೆ ಗ್ರಾಫೈಟ್ ಲೇಪ ಬೇರೆ ಇರ್ತದೆ. ಹಾಗಿದ್ದ ಮೇಲೆ ಸಂದು ಎಲ್ಲಿಂದ ಬಂತು? 7,000 ಅನ್ನೋದು ದಪ್ಪ ಕ್ಲಾಡಿಂಗಿನ ಬೇರೆ ಥರದ ರಿಯಾಕ್ಟರಿನಿಂದ ತಂದ ಅಂಕಿ ಇರಬೇಕು. 20,000 ಹಾಕಿ ನೋಡಿ, ಗೋಳಕ್ಕೆ 35 ಡಿಗ್ರಿ ಅಷ್ಟೇ.

ಮಲ್ಲಾಪುರದ ಮಾಮ

ಕುಸಿಯೋದು ನಿಜ, ಗ್ರಾಫೈಟೂ ನಿಜ. ಈ ವಿಷಯದಲ್ಲಿ ನಿಮ್ಮ ಕಡೆ ತೂಕ ಇದೆ. ಆದ್ರೆ ಎರಡು ಒರಟು ಮೈ ಒತ್ತಿಕೊಂಡ್ರೂ ತಾಗೋದು ದಿಬ್ಬ ದಿಬ್ಬಗಳಲ್ಲಿ ಮಾತ್ರ, ನಡುನಡುವೆ ಅನಿಲ ಉಳೀತದೆ. ಗ್ರಾಫೈಟ್ ಲೇಪ ಮೊದಲು ಬಂದದ್ದು ಶಾಖಕ್ಕಲ್ಲ, ಶಕ್ತಿ ಏರಿಸುವಾಗ ಪೆಲೆಟ್ ಒತ್ತಿ ಕ್ಲಾಡಿಂಗ್ ಬಿರುಕು ಬಿಡೋದನ್ನ ತಡೆಯೋದಕ್ಕೆ. 20,000 ಅಂತೀರಿ, ಯಾವ ಒರಟುತನಕ್ಕೆ, ಎಷ್ಟು ಉರಿದ ಇಂಧನಕ್ಕೆ, ಎಷ್ಟು ಶಕ್ತಿಗೆ? ಅದು ಹೇಳದೆ 7,000 ಕೂಡ ಹಿಡಿಯಕ್ಕಾಗೋದಿಲ್ಲ, 20,000 ಕೂಡ ಹಿಡಿಯಕ್ಕಾಗೋದಿಲ್ಲ.

ಶಿರಸಿ ಪೇಟೆ ಶ್ರೀ

ನೀವಿಬ್ರೂ ಸಂದಿನಲ್ಲಿ ಕಚ್ಚಾಡ್ತಿದ್ದೀರಿ, k = 3 ಅನ್ನೋದನ್ನ ಯಾರೂ ಮುಟ್ಟಲಿಲ್ಲ. ಯುರೇನಿಯಂ ಡೈಆಕ್ಸೈಡ್ ವಾಹಕತೆ ಬಿಸಿಯಾದಂತೆ ಇಳೀತದೆ. `1/(0.0375 + 2.165e-4·T)` ಅನ್ನೋ ಸೂತ್ರ ಬಳಕೆಯಲ್ಲಿದೆ, T ಕೆಲ್ವಿನ್‌ನಲ್ಲಿ. ತೀರಾ ಬಿಸಿಯಲ್ಲಿ ಇನ್ನೊಂದು ಪದ ಸೇರ್ತದೆ, ಈ ಮಟ್ಟಕ್ಕೆ ಬೇಡ. ಇದರಲ್ಲಿ 600 ಕೆಲ್ವಿನ್‌ಗೆ ಸುಮಾರು 6, 1500ಕ್ಕೆ 2.8. ಅಂದ್ರೆ ಮೈಯ ಹತ್ತಿರ ಇಂಧನ ಚೆನ್ನಾಗಿ ದಾಟಿಸ್ತದೆ, ನಡುವೆ ಮಂದ.

ಆಗ k-ಯನ್ನ ಹೊರಗೆ ತೆಗೆದು ಭಾಗಿಸಕ್ಕಾಗೋದಿಲ್ಲ. ಮೈಯ ತಾಪಮಾನದಿಂದ ನಡುವಿನ ತಾಪಮಾನದವರೆಗೆ k-ಯನ್ನ ಕೂಡಿಸಿದ ಮೊತ್ತ `q a²/6`ಕ್ಕೆ ಸಮ, ಅಂದ್ರೆ ಮೀಟರಿಗೆ 2450 ವ್ಯಾಟ್. ಮಾಮನ 7,000 ಸಂದು ಸೇರಿಸಿ ಮಾಡಿದೆ:

```python
from math import exp
q, a, b = 3e8, 0.007, 0.0074
kc, h, hg, Tw = 15, 40000, 7000, 270
Ts = Tw + q*a**3/(3*b*b*h) + q*a**3/(3*kc)*(1/a - 1/b) + q*a/(3*hg)
A, B = 0.0375, 2.165e-4
T0 = ((A + B*(Ts + 273))*exp(B*q*a*a/6) - A)/B - 273
print(round(Ts), round(T0))
```

ಬಂದದ್ದು 403 ಮತ್ತು 998. ಸ್ಥಿರ 3 ಹಿಡಿದಾಗ 1220 ಇತ್ತು. ಅದೇ ರೀತಿ ಸಿಲಿಂಡರಿಗೆ 1700ರ ಬದಲು ಸುಮಾರು 1590. ಯುರೇನಿಯಂ ಡೈಆಕ್ಸೈಡ್ ಕರಗೋದು 2800ಕ್ಕೂ ಮೇಲೆ, ಹಾಗಾಗಿ ಎರಡೂ ಕಡೆ ಜಾಗ ಇದೆ.

ಇನ್ನೊಂದು ಸಂಶಯ. ಶಾಖ ಸಮನಾಗಿ ಹುಟ್ಟೋದೂ ನಿಜವಾ? ನ್ಯೂಟ್ರಾನ್ ಹೊರಗಿನ ಭಾರಜಲದಿಂದ ಬರ್ತದೆ, ಪೆಲೆಟಿನ ಅಂಚೇ ಮೊದಲು ತಿನ್ನೋದು. `1 + 0.2(r/a)²` ಅನ್ನೋ ಹಾಗೆ ಅಂಚಿಗೆ ಜಾಸ್ತಿ ಇಟ್ಟು, ಒಟ್ಟು 431 ವ್ಯಾಟ್ ಬದಲಿಸದೆ, k = 3ರಲ್ಲೇ ಮಾಡಿದ್ರೆ 817ರ ಬದಲು 773 ಬಂತು. 0.2 ಅನ್ನೋದು ನಾನು ಸುಮ್ಮನೆ ಹಾಕಿದ್ದು.

ಮಲ್ಲಾಪುರದ ಮಾಮ

ಶ್ರೀ, ಒಳ್ಳೆ ಕೆಲಸ. ಆದ್ರೆ 998 ನೋಡಿ "ಓ, 3 ಹಾಕಿದ್ದು ಅತಿಯಾಯ್ತು" ಅಂತ ತೀರ್ಮಾನ ಮಾಡಬೇಡ. ನಿನ್ನ ಸೂತ್ರ ಹೊಸ ಇಂಧನಕ್ಕೆ. ಉರಿದಂತೆ ಒಳಗೆ ಬೇರೆ ಧಾತುಗಳು ಸೇರ್ತವೆ, ಸಣ್ಣ ಗುಳ್ಳೆ, ಬಿರುಕು ಬರ್ತವೆ, ವಾಹಕತೆ ಇಳೀತದೆ. ಆಗ ಸರಾಸರಿ 3 ತೀರಾ ದೂರದ್ದಲ್ಲ. ಅಂಚಿನ ವಿಷಯವೂ ಸರಿ, ಅಂಚಿನಲ್ಲಿ ಪ್ಲುಟೋನಿಯಂ ಹುಟ್ಟೋದ್ರಿಂದ ಆ ಒಲವು ಉರಿದಂತೆ ಹೆಚ್ಚೇ ಆಗ್ತದೆ. ಒಂದು ಕಡೆ k ನಡುವನ್ನ ಬಿಸಿ ಮಾಡ್ತದೆ, ಇನ್ನೊಂದು ಕಡೆ ಶಾಖ ಅಂಚಿಗೆ ಸರಿದು ತಣ್ಣಗೆ ಮಾಡ್ತದೆ. ಯಾವುದು ಎಷ್ಟು ಅನ್ನೋದು ಕಾಗದದ ಮೇಲೆ ತೀರೋದಿಲ್ಲ.

ಬೈತಖೋಲ್ ಬೋಟು

ಹಾಗಾದ್ರೆ ನಿಜವಾಗಿ ಎಷ್ಟಿದೆ ಅಂತ ಯಾರಾದ್ರೂ ಅಳತೆ ಮಾಡಿದ್ದಾರಾ, ಇಲ್ಲ ಎಲ್ಲ ಲೆಕ್ಕವೇನಾ?

ಮಲ್ಲಾಪುರದ ಮಾಮ

ಅಳತೆ ಮಾಡಿದ್ದಾರೆ. ನಾರ್ವೆಯ ಹಾಲ್ಡನ್‌ನಲ್ಲಿ ಒಂದು ಪ್ರಯೋಗದ ರಿಯಾಕ್ಟರ್ ಇತ್ತು, 2018ರಲ್ಲಿ ಮುಚ್ಚಿದ್ರು. ಅಲ್ಲಿ ಪೆಲೆಟಿನ ನಡುವೆ ತೂತು ಕೊರೆದು ಥರ್ಮೊಕಪಲ್ ಇಟ್ಟು ವರ್ಷಗಟ್ಟಲೆ ಓದಿದ್ರು. ಇಂಧನದ ಲೆಕ್ಕಾಚಾರದ ಎಷ್ಟೋ ಪ್ರೋಗ್ರಾಮುಗಳನ್ನ ಅಲ್ಲಿನ ಅಂಕಿಗಳ ಎದುರು ಒರೆಗೆ ಹಚ್ಚಿದ್ದಾರೆ. ತೂತು ಕೊರೆದ ಪೆಲೆಟ್ ಕೊರೆಯದ ಪೆಲೆಟಿಗಿಂತ ಸ್ವಲ್ಪ ತಣ್ಣಗಿರ್ತದೆ, ಅದನ್ನೂ ಲೆಕ್ಕಕ್ಕೆ ಹಿಡೀಬೇಕು. ವಿದ್ಯುತ್ ಮಾಡೋ ರಿಯಾಕ್ಟರಿನಲ್ಲಿ ಪೆಲೆಟಿನ ಒಳಗೆ ಥರ್ಮೊಕಪಲ್ ಇಡೋದಿಲ್ಲ. ಅಲ್ಲಿ ಚಾನೆಲ್‌ನಿಂದ ಬರೋ ನೀರಿನ ತಾಪಮಾನ ನೋಡ್ತಾರೆ, ಕ್ಲಾಡಿಂಗ್ ಸೋರಿದ್ರೆ ಅಯೋಡಿನ್-131 ಭಾರಜಲದಲ್ಲಿ ಹೆಚ್ಚಿ ಗೊತ್ತಾಗ್ತದೆ. ಇನ್ನೊಂದು ದಾರಿ, ಬಳಸಿದ ಪೆಲೆಟನ್ನ ಕಾಪಿಟ್ಟ ಕೋಣೆಯಲ್ಲಿ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡೋದು. ನಡು ತುಂಬ ಬಿಸಿಯಾಗಿದ್ರೆ ಅಲ್ಲಿನ ಹರಳಿನ ಕಣಗಳು ಅಂಚಿನವಕ್ಕಿಂತ ದೊಡ್ಡದಾಗಿ ಬೆಳೆದಿರ್ತವೆ. ಎಲ್ಲಿಂದ ದೊಡ್ಡದಾಗಿವೆ ಅಂತ ಗುರುತು ಮಾಡಿದ್ರೆ, ಆ ತ್ರಿಜ್ಯದಲ್ಲಿ ಎಷ್ಟು ಬಿಸಿ ಇದ್ದಿರಬಹುದು ಅಂತ ಅಂದಾಜು ಸಿಗ್ತದೆ.

ಕುಮಟಾ ವಿನಾಯಕ

ಸಂದಿನ ಅಂಕಿ ನಾನು ಇನ್ನೂ ಒಪ್ಪಿಲ್ಲ ಮಾಮ. ಕುಸಿದ ಕ್ಲಾಡಿಂಗಿಗೆ ಒರಟುತನದಿಂದ ಲೆಕ್ಕ ಹಾಕಿ ಇಲ್ಲೇ ತರ್ತೇನೆ.

ಅಂಕೋಲೆ ಸುಮಾ

ಎಲ್ರಿಗೂ ಥ್ಯಾಂಕ್ಸ್. ಮಾಮ, ಒಂದೇ ಒಂದು. ಸಾಲಿನ ಕೊನೆಯ ಪೆಲೆಟಿಗೆ ಒಂದು ಕಡೆ ಪಕ್ಕದ ಪೆಲೆಟ್, ಇನ್ನೊಂದು ಕಡೆ ಮುಚ್ಚಳ. ಅದು ಗೋಳಕ್ಕೆ ಹತ್ತಿರವಾ, ಸಿಲಿಂಡರಿಗಾ?

ಮಲ್ಲಾಪುರದ ಮಾಮ

ಎರಡರ ನಡುವೆ. ಮುಚ್ಚಳದ ಕಡೆ ಸ್ವಲ್ಪ ಶಾಖ ಹೋಗ್ತದೆ. ಆದ್ರೆ ಬಂಡಲ್ ಬಂಡಲ್ ಸೇರೋ ಆ ಜಾಗದಲ್ಲಿ ಇಂಧನ ಇಲ್ಲ, ನ್ಯೂಟ್ರಾನ್ ತಿನ್ನೋರು ಕಮ್ಮಿ, ಹಾಗಾಗಿ ಕೊನೆಯ ಪೆಲೆಟಿನಲ್ಲಿ ಶಾಖ ನಡುವಿನವಕ್ಕಿಂತ ಜಾಸ್ತಿ ಹುಟ್ತದೆ. ಶ್ರೀಯ ಪ್ರೋಗ್ರಾಮ್ ಒಂದೇ ದಿಕ್ಕಿನದ್ದು, ಇದಕ್ಕೆ ಸಾಲೋದಿಲ್ಲ. r, z ಎರಡೂ ಹಿಡಿದು ಚೌಕುಳಿ ಹಾಕಿ ಮಾಡಬೇಕು. ಮಾಡಿದ್ರೆ ಮುಚ್ಚಳದ ಕಡೆಯ h ಎಷ್ಟು ಹಿಡಿದೆ ಅಂತಲೂ ಬರಿ.